ಒಡವೆ, ಚಿನ್ನದ ನಾಣ್ಯ, ಗೋಲ್ಡ್ ಬಾಂಡ್ ಮಾರಿದರೆ ತೆರಿಗೆ ಎಷ್ಟು? ಲೆಕ್ಕ ಹಾಕುವ ಬಗೆ

ಕಳೆದ ವರ್ಷ, 2025ರ ಜೂನ್ ಕೊನೆಯಲ್ಲಿ, ನಮ್ಮ ಚಿಕ್ಕಮ್ಮ ತಮ್ಮ ಮದುವೆಯ ಅವಲಕ್ಕಿ ಸರ ಮಾರಿದರು. ಮನೆಯ ಮಾಡು ಸೋರುತ್ತಿತ್ತು, ಮಳೆಗಾಲ ಶುರುವಾಗಿತ್ತು. ಅಂಗಡಿಯಲ್ಲಿ ಸರ ತೂಗಿದರು, ಮೂಸೆಗೆ ಹಾಕಿದರು, ಬೆಂಕಿ ಬಿಟ್ಟರು. ಹತ್ತು ನಿಮಿಷಕ್ಕೆ ಅದು ಹೆಬ್ಬೆರಳಿನಷ್ಟು ಹಳದಿ ಗಟ್ಟಿಯಾಯಿತು. 1991ರಲ್ಲಿ ಅವರ ಅಮ್ಮ ಮಾಡಿಸಿಕೊಟ್ಟ ಸರ ಅದು ಅನ್ನೋದಕ್ಕೆ ಆ ಗಟ್ಟಿಯಲ್ಲಿ ಯಾವ ಗುರುತೂ ಇರಲಿಲ್ಲ.

ಚಿನ್ನ ಮಾರುವವರು ಎಡವುವುದು ಇಲ್ಲೇ. ತೆರಿಗೆಯ ದರ ಒಂದು ಸಾಲಿನಲ್ಲಿ ಮುಗಿಯುತ್ತದೆ. ಆದರೆ ಆ ಚಿನ್ನ ಯಾವತ್ತಿನದು, ಯಾರದು ಅಂತ ತೋರಿಸುವುದು ಮಾರುವ ಮೊದಲೇ ಆಗಬೇಕಾದ ಕೆಲಸ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ. ಚಿಕ್ಕಮ್ಮನ ಲೆಕ್ಕವನ್ನೇ ಕೊನೆವರೆಗೂ ಜೊತೆಗಿಟ್ಟುಕೊಳ್ಳುತ್ತೇನೆ.

ಅಂಗಡಿಗೆ ಹೋಗುವ ಮೊದಲು

ಒಂದೊಂದು ಒಡವೆಯನ್ನೂ ಬೇರೆ ಬೇರೆ ಇಟ್ಟು ಫೋಟೋ ತೆಗೆಯಿರಿ. ಮನೆಯ ಹತ್ತಿರ ಯಾರಾದರೂ ಅಕ್ಕಸಾಲಿಗರ ಬಳಿ ತೂಗಿಸಿ, ತೂಕ ಬರೆದಿಡಿ. ಆಮೇಲೆ ಅದು ನಿಮ್ಮ ಕೈಗೆ ಹೇಗೆ ಬಂತು ಅನ್ನುವ ಕಾಗದ ಹುಡುಕಿ. ಬಿಲ್ ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಹಳೇ ಒಡವೆಗೆ ಬಿಲ್ ಎಲ್ಲಿಂದ ಬರಬೇಕು, ಅಲ್ವಾ? ಆಗ ಮದುವೆಯ ಫೋಟೋ, ಮದುವೆ ಕರೆಯೋಲೆ, ಅಮ್ಮನ ವಿಲ್, ಪಾಲುಪಟ್ಟಿ, ಲಾಕರಿನ ಹಳೇ ರಸೀದಿ ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಚಿಕ್ಕಮ್ಮನ ಧಾರೆಯ ಫೋಟೋದಲ್ಲಿ ಆ ಸರ ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನೂ, ಹೊಸದಾಗಿ ತೆಗೆದ ಫೋಟೋವನ್ನೂ ಒಟ್ಟಿಗೆ ಇಟ್ಟೆವು.

ಮಾರಿದ ಮೇಲೆ ಅಂಗಡಿಯಿಂದ ಖರೀದಿ ವೋಚರ್ ಕೇಳಿ ಪಡೆಯಿರಿ. ಅದರಲ್ಲಿ ನಿಮ್ಮ ಹೆಸರು, ದಿನಾಂಕ, ಕರಗಿಸುವ ಮುಂಚಿನ ತೂಕ, ಕರಗಿಸಿದ ನಂತರದ ತೂಕ, ಎಷ್ಟು ಕ್ಯಾರೆಟ್, ಗ್ರಾಂಗೆ ಕೊಟ್ಟ ದರ ಇಷ್ಟೂ ಇರಬೇಕು. ಸುಮ್ನೆ ಒಂದು ಚೀಟಿಯಲ್ಲಿ ಮೊತ್ತ ಬರೆದು ಕೊಟ್ಟರೆ ಸಾಲದು. ದುಡ್ಡು ಬ್ಯಾಂಕಿಗೇ ಬರಲಿ. ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ತೆಗೆದುಕೊಂಡವರ ಮೇಲೆ.

ನಮ್ಮ ಹತ್ತಿರದ ಸಂಬಂಧಿಕರೊಬ್ಬರು ಇದ್ಯಾವುದನ್ನೂ ಮಾಡದೆ ಮಾರಿದ್ದರು. ಅಂಗಡಿಯಿಂದ ಬ್ಯಾಂಕಿಗೆ ಬಂದ ದುಡ್ಡು ಕಾಣುತ್ತಿತ್ತು, ಚಿನ್ನ ಯಾವಾಗಿನದು ಅಂತ ತೋರಿಸುವ ಒಂದು ಕಾಗದವೂ ಇರಲಿಲ್ಲ. ಹೀಗಾದಾಗ ಲಾಭ ಎಷ್ಟು ಅನ್ನುವ ಪ್ರಶ್ನೆ ಹಿಂದೆ ಬೀಳುತ್ತದೆ, ಈ ಚಿನ್ನ ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಮುಂದೆ ಬರುತ್ತದೆ. ಎರಡನೆಯದು ಬಹಳ ಕಷ್ಟದ್ದು.

ಇಲ್ಲೇ ಒಂದು ತಪ್ಪು ತಿಳಿವಳಿಕೆ ಬಿಡಿಸಿಬಿಡುತ್ತೇನೆ. ಮದುವೆಯಾದ ಹೆಂಗಸಿಗೆ 500 ಗ್ರಾಂ, ಮದುವೆಯಾಗದವರಿಗೆ 250 ಗ್ರಾಂ, ಗಂಡಸಿಗೆ 100 ಗ್ರಾಂವರೆಗೆ ತೆರಿಗೆ ಇಲ್ಲ ಅಂತ ಬಹಳ ಜನ ನಂಬಿದ್ದಾರೆ. ಆ ಅಂಕಿಗಳು ಬಂದಿರುವುದು 1994ರ ಒಂದು ಸೂಚನೆಯಿಂದ. ತೆರಿಗೆ ದಾಳಿ ನಡೆದಾಗ ಅಷ್ಟು ಒಡವೆಯನ್ನು ಮುಟ್ಟುಗೋಲು ಹಾಕಬೇಡಿ ಅಂತ ಅಧಿಕಾರಿಗಳಿಗೆ ಹೇಳಿದ್ದು ಅದು. ಮಾರಿದಾಗ ಬರುವ ಲಾಭಕ್ಕೂ ಅದಕ್ಕೂ ಸಂಬಂಧ ಇಲ್ಲ. 10 ಗ್ರಾಂ ಮಾರಿದರೂ ಲೆಕ್ಕ ಲೆಕ್ಕವೇ.

ತಿಂಗಳು ಎಣಿಸಿ

ಒಡವೆಗೂ ನಾಣ್ಯಕ್ಕೂ ಗೆರೆ ಒಂದೇ: 24 ತಿಂಗಳು. ಅದನ್ನು ದಾಟಿ ಇಟ್ಟುಕೊಂಡು ಮಾರಿದರೆ ದೀರ್ಘಾವಧಿ ಲಾಭ, ತೆರಿಗೆ ಶೇ. 12.5. ಅದಕ್ಕೆ ಮುಂಚೆ ಮಾರಿದರೆ ಅಲ್ಪಾವಧಿ ಲಾಭ. ಅದು ನಿಮ್ಮ ಸಂಬಳ, ಬಡ್ಡಿಯ ಜೊತೆ ಸೇರಿ ನಿಮ್ಮ ಸ್ಲ್ಯಾಬ್ ದರಕ್ಕೆ ಬೀಳುತ್ತದೆ. ಎರಡರಲ್ಲೂ ಬಂದ ತೆರಿಗೆಯ ಮೇಲೆ ಶೇ. 4 ಸೆಸ್ ಇರುತ್ತದೆ. 2024ರ ಜುಲೈ 23ಕ್ಕಿಂತ ಮುಂಚೆ ಈ ಗೆರೆ 36 ತಿಂಗಳಾಗಿತ್ತು. ಹಳೇ ಲೇಖನ ಓದಿಕೊಂಡು ಇನ್ನೂ ಮೂರು ವರ್ಷ ಅಂತ ಕಾಯುವವರಿದ್ದಾರೆ.

ಬಳುವಳಿಯಾಗಿ, ಉಡುಗೊರೆಯಾಗಿ, ವಿಲ್ ಮೂಲಕ ಬಂದ ಚಿನ್ನಕ್ಕೆ ಎಣಿಕೆ ನಿಮ್ಮ ಕೈಗೆ ಬಂದ ದಿನದಿಂದ ಅಲ್ಲ. ಕೊಟ್ಟವರು ಇಟ್ಟುಕೊಂಡಿದ್ದ ಕಾಲವೂ ಸೇರುತ್ತದೆ. ಅಜ್ಜಿ 1970ರಲ್ಲಿ ಮಾಡಿಸಿದ ಬಳೆ ಹೋದ ತಿಂಗಳು ನಿಮಗೆ ಬಂದು, ಈ ತಿಂಗಳು ನೀವು ಮಾರಿದರೂ ಅದು ದೀರ್ಘಾವಧಿಯೇ.

ಹಳೇ ಒಡವೆ ಕೊಟ್ಟು ಹೊಸದು ತಗೊಳ್ಳುವುದನ್ನು ನಾವು ಮಾರಾಟ ಅಂತ ಅಂದುಕೊಳ್ಳುವುದಿಲ್ಲ. ಕಾನೂನು ಅಂದುಕೊಳ್ಳುತ್ತದೆ. ಕೈಗೆ ಒಂದು ರೂಪಾಯಿ ಬರದಿದ್ದರೂ ಹಳೇ ಚಿನ್ನಕ್ಕೆ ಅಂಗಡಿಯವರು ಕಟ್ಟಿದ ಬೆಲೆಯೇ ನಿಮ್ಮ ಮಾರಾಟ ಬೆಲೆ. ಹೊಸ ಒಡವೆಯ ತಿಂಗಳ ಎಣಿಕೆ ಆ ದಿನದಿಂದ ಮತ್ತೆ ಮೊದಲಾಗುತ್ತದೆ. ನಿಮ್ಮದೇ ಚಿನ್ನವನ್ನು ಅಕ್ಕಸಾಲಿಗರಿಗೆ ಕೊಟ್ಟು, ಅದನ್ನೇ ಕರಗಿಸಿ, ಮಜೂರಿ ಕೊಟ್ಟು ಬೇರೆ ಮಾದರಿ ಮಾಡಿಸಿಕೊಂಡರೆ ಅಲ್ಲಿ ಚಿನ್ನ ಯಾರಿಗೂ ಹೋಗಿಲ್ಲ, ಹಾಗಾಗಿ ಮಾರಾಟವೂ ಆಗಿಲ್ಲ. ಆದರೆ ನಡುವೆ ಹೊಸದಾಗಿ ಸೇರಿಸಿದ ಚಿನ್ನಕ್ಕೆ ಅದರದೇ ದಿನಾಂಕ, ಅದರದೇ ಬೆಲೆ. ಹೀಗೆ ಮಾಡಿಸುವಾಗ ಎಷ್ಟು ಗ್ರಾಂ ಹಳೆಯದು, ಎಷ್ಟು ಹೊಸದು ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಕೊಂಡ ಬೆಲೆ ಯಾವುದು?

ನೀವೇ ಕೊಂಡಿದ್ದರೆ ಬಿಲ್ಲಿನ ಪೂರ್ತಿ ಮೊತ್ತ ನಿಮ್ಮ ವೆಚ್ಚ. ಮಜೂರಿ, ವೇಸ್ಟೇಜ್, ಜಿಎಸ್‌ಟಿ ಎಲ್ಲ ಸೇರಿಸಿಯೇ. ಮಾರುವಾಗ ಅಂಗಡಿಯವರು ಇವುಗಳಿಗೆ ಬೆಲೆ ಕೊಡುವುದಿಲ್ಲ ಅನ್ನೋದು ಬೇರೆ ಮಾತು. ಬಿಲ್ಲಿನ ಚಿನ್ನದ ಸಾಲನ್ನಷ್ಟೇ ಬರೆದು ಉಳಿದದ್ದನ್ನು ಬಿಟ್ಟುಬಿಡುವ ತಪ್ಪನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹಿರಿಯರಿಂದ ಬಂದಿದ್ದರೆ ಅವರು ಕೊಟ್ಟ ಬೆಲೆಯೇ ನಿಮ್ಮ ವೆಚ್ಚ. 2001ರ ಏಪ್ರಿಲ್ 1ಕ್ಕಿಂತ ಮುಂಚಿನ ಚಿನ್ನವಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ವೆಚ್ಚವಾಗಿ ಹಿಡಿಯಬಹುದು. ಬೆಲೆಯೇರಿಕೆಗೆ ತಕ್ಕಂತೆ ವೆಚ್ಚವನ್ನು ಉಬ್ಬಿಸುವ ಇಂಡೆಕ್ಸೇಷನ್ ಹೋದರೂ ಈ ಸೌಲಭ್ಯ ಉಳಿದಿದೆ. ನೋಂದಾಯಿತ ಮೌಲ್ಯಮಾಪಕರು ಒಡವೆ ನೋಡಿ, ತೂಕ ಮತ್ತು ಶುದ್ಧತೆ ಬರೆದು, 2001ರ ದರ ಹಾಕಿ ವರದಿ ಕೊಡುತ್ತಾರೆ. ಕರಗಿದ ಮೇಲೆ ಹೋದರೆ ಅವರ ಮುಂದೆ ಇಡಲು ಒಡವೆಯೇ ಇರುವುದಿಲ್ಲ.

ಆದರೆ ಈ ವರದಿಯಿಂದ ಉಳಿಯುವ ತೆರಿಗೆ ಎಷ್ಟು ಅಂತ ಮೊದಲು ನೋಡಿ. ಚಿಕ್ಕಮ್ಮನ ಸರ 40 ಗ್ರಾಂ, 22 ಕ್ಯಾರೆಟ್. 2001ರ ಬೆಲೆ ಗ್ರಾಂಗೆ 390 ರೂಪಾಯಿ ಅಂತ ವರದಿ ಬಂತು, ಒಟ್ಟು 15,600. ಮಾರಿದ್ದು 3,40,000ಕ್ಕೆ. ವೆಚ್ಚವನ್ನೇ ತೋರಿಸದೆ ಸೊನ್ನೆ ಅಂತ ಹಾಕಿದ್ದರೂ ಜಾಸ್ತಿ ಬೀಳುತ್ತಿದ್ದ ತೆರಿಗೆ ಸೆಸ್ ಸೇರಿ 2,028 ರೂಪಾಯಿ ಮಾತ್ರ. ಅಷ್ಟು ಹಳೇ ಚಿನ್ನದಲ್ಲಿ ವೆಚ್ಚ ಅನ್ನೋದು ಮಾರಾಟ ಬೆಲೆಯ ಶೇ. 5ರ ಹತ್ತಿರ. ಅದಕ್ಕೇ ನಾನು ಹೇಳುವುದು, ಹಳೇ ಒಡವೆಗೆ ವರದಿಯ ಮುಖ್ಯ ಬೆಲೆ ಅದರ ಅಂಕಿಯಲ್ಲಿಲ್ಲ. ಇಂಥ ಒಡವೆ ಇವರ ಹತ್ತಿರ ಇತ್ತು, ಹಳೆಯದು, ಇಷ್ಟು ತೂಕದ್ದು ಅಂತ ಮೂರನೆಯವರು ಸಹಿ ಹಾಕಿ ಹೇಳುವುದರಲ್ಲಿದೆ. ಒಂದು ಸರಕ್ಕೆ ಫೀಸು ದುಬಾರಿ ಅನ್ನಿಸಿದರೆ ಫೋಟೋ ಮತ್ತು ವೋಚರ್ ಗಟ್ಟಿಯಾಗಿ ಇಟ್ಟುಕೊಳ್ಳಿ. ಕಾಸಿನ ಸರ, ಡಾಬು, ಬಳೆ ಅಂತ ಒಂದು ಪೆಟ್ಟಿಗೆಯನ್ನೇ ಮಾರುವುದಾದರೆ ವರದಿ ಮಾಡಿಸಿಯೇ ಮಾರಿ.

ಬಿಲ್ಲಿಗೆ ನಿಜವಾಗಿ ಬೆಲೆ ಇರುವುದು ಹತ್ತು ಹದಿನೈದು ವರ್ಷದ ಈಚೆಗೆ ಕೊಂಡ ಚಿನ್ನಕ್ಕೆ. 2012ರ ಸುಮಾರಿಗೆ 10 ಗ್ರಾಂಗೆ 31,000 ಕೊಟ್ಟು 40 ಗ್ರಾಂ ಕೊಂಡಿದ್ದರೆ ವೆಚ್ಚವೇ 1,24,000. ಆ ಬಿಲ್ ಕಳೆದರೆ 16,000 ರೂಪಾಯಿಗಿಂತ ಜಾಸ್ತಿ ತೆರಿಗೆ ಮೈಮೇಲೆ ಬರುತ್ತದೆ. ಬಿಲ್ ಸಿಗದಿದ್ದರೆ ಅಂಗಡಿಯಲ್ಲಿ ನಕಲು ಕೇಳಿ, ಆ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ.

ಒಡವೆ ಯಾರದು ಅನ್ನುವುದನ್ನೂ ನೋಡಿ. ಗಂಡ ತನ್ನ ದುಡ್ಡಿನಲ್ಲಿ ಕೊಂಡು ಹೆಂಡತಿಗೆ ಉಡುಗೊರೆ ಕೊಟ್ಟ ಒಡವೆಯನ್ನು ಆಕೆ ಮಾರಿದರೆ, ಲಾಭ ಸೇರುವುದು ಗಂಡನ ಆದಾಯಕ್ಕೆ. ತವರಿನವರು ಹಾಕಿದ್ದು ಆಕೆಯದೇ ಲೆಕ್ಕ.

ಇಂಡೆಕ್ಸೇಷನ್ ಹೋಯಿತು, ನಷ್ಟ ಎಷ್ಟು?

ಇಂಡೆಕ್ಸೇಷನ್ ಅಂದರೆ ನೀವು ಕೊಟ್ಟ ಬೆಲೆಯನ್ನು ಸರ್ಕಾರದ ಸೂಚ್ಯಂಕಕ್ಕೆ ತಕ್ಕಂತೆ ಉಬ್ಬಿಸಿ, ಆಮೇಲೆ ಲಾಭ ಲೆಕ್ಕ ಹಾಕುವುದು. ಬೆಲೆಯೇರಿಕೆಯಿಂದ ಬಂದ ಭಾಗಕ್ಕೆ ತೆರಿಗೆ ಬೀಳಬಾರದು ಅನ್ನುವುದು ಅದರ ಉದ್ದೇಶ. ಆಗ ದರ ಶೇ. 20 ಇತ್ತು. 2024ರ ಜುಲೈ 23ರಿಂದ ದರ ಶೇ. 12.5ಕ್ಕೆ ಇಳಿಯಿತು, ಇಂಡೆಕ್ಸೇಷನ್ ತೆಗೆದರು. ಹಳೇ ಲೆಕ್ಕ, ಹೊಸ ಲೆಕ್ಕ ಎರಡರಲ್ಲಿ ಕಡಿಮೆ ಇರುವುದನ್ನು ಆರಿಸಿಕೊಳ್ಳಬಹುದು ಅಂತ ನೀವು ಕೇಳಿರಬಹುದು. ಆ ಅವಕಾಶ ಇರುವುದು ಆ ದಿನಕ್ಕಿಂತ ಮುಂಚೆ ಕೊಂಡ ಜಾಗ ಮತ್ತು ಕಟ್ಟಡಕ್ಕೆ. ಚಿನ್ನಕ್ಕೆ ಇಲ್ಲ.

ಇದರಿಂದ ದೊಡ್ಡ ನಷ್ಟ ಆಯಿತೇ? 10 ಗ್ರಾಂ ಚಿನ್ನವನ್ನು 2025-26ರಲ್ಲಿ 1,00,000ಕ್ಕೆ ಮಾರಿದಿರಿ ಅನ್ನಿ. 2012-13ರಲ್ಲಿ 31,000ಕ್ಕೆ ಕೊಂಡಿದ್ದು. ಆ ವರ್ಷದ ಸೂಚ್ಯಂಕ 200, 2025-26ರದು 376. ಹಳೇ ನಿಯಮ ಇದ್ದಿದ್ದರೆ ವೆಚ್ಚ 58,280ಕ್ಕೆ ಏರುತ್ತಿತ್ತು, ಲಾಭ 41,720, ತೆರಿಗೆ 8,344. ಹೊಸ ನಿಯಮದಲ್ಲಿ ಲಾಭ 69,000, ತೆರಿಗೆ 8,625. ವ್ಯತ್ಯಾಸ 281 ರೂಪಾಯಿ. 2001ರ ಬೆಲೆ 4,300 ಹಿಡಿದರೆ ಚಿತ್ರ ತಿರುಗಿಯೇ ಬಿಡುತ್ತದೆ. ಹಳೇ ಲೆಕ್ಕದಲ್ಲಿ 16,766 ಕಟ್ಟಬೇಕಿತ್ತು, ಈಗ 11,963. ಕಾರಣ ಸರಳ. ಚಿನ್ನದ ಬೆಲೆ ಸೂಚ್ಯಂಕಕ್ಕಿಂತ ಬಹಳ ವೇಗವಾಗಿ ಏರಿದೆ. ಹಾಗೆ ಏರಿದಾಗ ಉಬ್ಬಿಸಿದ ವೆಚ್ಚಕ್ಕಿಂತ ಕಡಿಮೆ ದರವೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಹಳೇ ಚಿನ್ನ ಮಾರುವವರು ಇಂಡೆಕ್ಸೇಷನ್ ಹೋಯಿತಲ್ಲ ಅಂತ ಕೊರಗಬೇಕಾಗಿಲ್ಲ.

ಚಿಕ್ಕಮ್ಮನ ಲೆಕ್ಕ, ನಾಣ್ಯವೂ ಸೇರಿ

ಸರದ ಜೊತೆ ಅವರು 10 ಗ್ರಾಂನ ಒಂದು ಚಿನ್ನದ ನಾಣ್ಯವನ್ನೂ ಮಾರಿದ್ದರು. 2024ರ ಅಕ್ಷಯ ತದಿಗೆಗೆ, ಮೇ 10ರಂದು, ಜಿಎಸ್‌ಟಿ ಸೇರಿ 75,000ಕ್ಕೆ ಕೊಂಡಿದ್ದು. ಮಾರಿದಾಗ 96,000 ಸಿಕ್ಕಿತು. 13 ತಿಂಗಳು ದಾಟಿತ್ತು, 24 ಆಗಿರಲಿಲ್ಲ. ಹಾಗಾಗಿ 21,000 ಅಲ್ಪಾವಧಿ ಲಾಭ.

ಶಾಲೆಯ ಸಂಬಳದಿಂದ ಕಡಿತ ಎಲ್ಲ ಕಳೆದು ಅವರ ಆದಾಯ 3,20,000. ನಾಣ್ಯದ ಲಾಭ ಸೇರಿಸಿದರೆ 3,41,000. ಹೊಸ ತೆರಿಗೆ ಪದ್ಧತಿಯಲ್ಲಿ 4,00,000ವರೆಗೆ ತೆರಿಗೆ ಇಲ್ಲ. ಹಾಗಾಗಿ 59,000 ಜಾಗ ಖಾಲಿ ಉಳಿಯಿತು. ಭಾರತದಲ್ಲೇ ವಾಸಿಸುವವರು ಈ ಖಾಲಿ ಜಾಗವನ್ನು ದೀರ್ಘಾವಧಿ ಲಾಭದಿಂದ ತುಂಬಿಸಿಕೊಳ್ಳಬಹುದು. ದುಬೈ, ಅಮೆರಿಕದಲ್ಲಿ ನೆಲೆಸಿ ಅನಿವಾಸಿಗಳಾದವರಿಗೆ ಈ ಅನುಕೂಲ ಇಲ್ಲ. ಸರದ ಲಾಭ 3,24,400. ಅದರಲ್ಲಿ 59,000 ಕಳೆದರೆ 2,65,400. ಅದಕ್ಕೆ ಶೇ. 12.5 ಅಂದರೆ 33,175. ಸೆಸ್ 1,327. ಒಟ್ಟು 34,502 ರೂಪಾಯಿ.

ಚಿಕ್ಕಮ್ಮ ಕೇಳಿದ್ದು ಒಂದೇ ಪ್ರಶ್ನೆ: "12 ಲಕ್ಷದವರೆಗೆ ತೆರಿಗೆ ಇಲ್ಲ ಅಂದಿದ್ರಲ್ಲೋ?" ಎಲ್ಲಾ ಸೇರಿಸಿದರೂ ಅವರ ಆದಾಯ 7 ಲಕ್ಷ ಮುಟ್ಟುವುದಿಲ್ಲ, ನಿಜ. ಆದರೆ 12 ಲಕ್ಷದ ಆ ಮಾತು ನಿಂತಿರುವುದು, ಲೆಕ್ಕ ಹಾಕಿದ ತೆರಿಗೆಯನ್ನು ಮನ್ನಾ ಮಾಡುವ ರಿಯಾಯಿತಿಯ ಮೇಲೆ. 2025-26ರಿಂದ ಹೊಸ ಪದ್ಧತಿಯಲ್ಲಿ ಆ ರಿಯಾಯಿತಿ ಸ್ಲ್ಯಾಬ್ ತೆರಿಗೆಗೆ ಮಾತ್ರ ಸಿಗುತ್ತದೆ. ಶೇ. 12.5ರಂಥ ವಿಶೇಷ ದರದ ಲಾಭಕ್ಕೆ ಸಿಗುವುದಿಲ್ಲ.

ಇದರಿಂದ ಒಂದು ವಿಚಿತ್ರ ಹುಟ್ಟಿದೆ. ಚಿನ್ನದ ಅಲ್ಪಾವಧಿ ಲಾಭ ಸ್ಲ್ಯಾಬಿಗೆ ಬರುವುದರಿಂದ ಅದಕ್ಕೆ ರಿಯಾಯಿತಿ ಸಿಗುತ್ತದೆ. ಒಟ್ಟು ಆದಾಯ 12 ಲಕ್ಷದೊಳಗಿರುವವರು ನಾಣ್ಯವನ್ನು 24 ತಿಂಗಳೊಳಗೆ ಮಾರಿದರೆ ತೆರಿಗೆ ಸೊನ್ನೆ ಆಗಬಹುದು. ಅದೇ ನಾಣ್ಯವನ್ನು 24 ತಿಂಗಳು ದಾಟಿಸಿ ಮಾರಿದರೆ ಶೇ. 12.5 ಕಟ್ಟಬೇಕಾಗಬಹುದು. ಕಾದಷ್ಟೂ ಲಾಭ ಅನ್ನುವ ಮಾತು ಶೇ. 20, 30ರ ಸ್ಲ್ಯಾಬಿನವರಿಗೆ ಸರಿ. ಕಡಿಮೆ ಆದಾಯದವರು ಮಾರುವ ಮೊದಲು ಎರಡೂ ಲೆಕ್ಕ ಹಾಕಿ ನೋಡಬೇಕು.

ಸರ ಮಾರಿದ ಪೂರ್ತಿ ದುಡ್ಡನ್ನು ವಾಸದ ಮನೆ ಕೊಳ್ಳಲು ಅಥವಾ ಕಟ್ಟಲು ಹಾಕಿದ್ದರೆ ಸೆಕ್ಷನ್ 54ಎಫ್ ಅಡಿ ದೀರ್ಘಾವಧಿ ಲಾಭಕ್ಕೆ ವಿನಾಯಿತಿ ಕೇಳಬಹುದಿತ್ತು. ಕೊಳ್ಳಲು ಎರಡು ವರ್ಷ, ಕಟ್ಟಲು ಮೂರು ವರ್ಷ ಗಡುವು. ಸೋರುವ ಮಾಡಿನ ರಿಪೇರಿ ಅದಕ್ಕೆ ಸೇರುವುದಿಲ್ಲ.

ಸಾವರಿನ್ ಗೋಲ್ಡ್ ಬಾಂಡ್

ರಿಸರ್ವ್ ಬ್ಯಾಂಕ್ ಸರ್ಕಾರದ ಪರವಾಗಿ 2015ರ ನವೆಂಬರ್‌ನಿಂದ 2024ರ ಫೆಬ್ರವರಿವರೆಗೆ ಈ ಬಾಂಡುಗಳನ್ನು ಬಿಟ್ಟಿತು. ಒಂದು ಯೂನಿಟ್ ಅಂದರೆ ಒಂದು ಗ್ರಾಂ, ಅವಧಿ 8 ವರ್ಷ. ಆರಾರು ತಿಂಗಳಿಗೆ ಬರುವ ಬಡ್ಡಿಗೆ ಪ್ರತಿ ವರ್ಷ ಸ್ಲ್ಯಾಬ್ ದರದಲ್ಲಿ ತೆರಿಗೆ ಇದೆ. ಬ್ಯಾಂಕಿನವರು ಅದರಲ್ಲಿ ಟಿಡಿಎಸ್ ಕಡಿಯುವುದಿಲ್ಲ. ಹಾಗಾಗಿ ಬಹಳ ಜನ ಬರೆಯುವುದನ್ನೇ ಮರೆಯುತ್ತಾರೆ.

ಲಾಭದ ವಿಷಯದಲ್ಲಿ 2026ರ ಬಜೆಟ್ ಒಂದು ದೊಡ್ಡ ಬದಲಾವಣೆ ತಂದಿದೆ. ಅದಕ್ಕೆ ಮುಂಚೆ ಬಾಂಡನ್ನು ವ್ಯಕ್ತಿಯೊಬ್ಬರು ರಿಸರ್ವ್ ಬ್ಯಾಂಕಿಗೆ ಮರಳಿಸಿದರೆ ಲಾಭಕ್ಕೆ ತೆರಿಗೆ ಇರಲಿಲ್ಲ, ಎಲ್ಲಿಂದ ಕೊಂಡಿದ್ದರೂ ಸರಿ. 2026ರ ಏಪ್ರಿಲ್ 1ರಿಂದ ಆ ವಿನಾಯಿತಿ ಇರುವುದು ಬಾಂಡ್ ಮೊದಲು ಬಿಟ್ಟಾಗಲೇ ತಾವು ಅರ್ಜಿ ಹಾಕಿ ಕೊಂಡು, ಮೆಚ್ಯೂರಿಟಿವರೆಗೂ ಬಿಡದೆ ಇಟ್ಟುಕೊಂಡವರಿಗೆ ಮಾತ್ರ. 5 ವರ್ಷದ ನಂತರ ಅವಧಿಗೆ ಮುಂಚೆ ಮರಳಿಸುವುದು ಆ ಸಾಲಿಗೆ ಬರುವುದಿಲ್ಲ.

ಇದರ ಬಿಸಿ ತಟ್ಟುವುದು ಷೇರುಪೇಟೆಯಲ್ಲಿ ಬಾಂಡ್ ಕೊಂಡವರಿಗೆ. ಚಿಕ್ಕಮ್ಮನ ಮಗ ಅವರಲ್ಲೊಬ್ಬ. ಡಿಮ್ಯಾಟ್ ಖಾತೆಯಲ್ಲಿ 10 ಯೂನಿಟ್‌ಗಳನ್ನು ತಲಾ 5,500ಕ್ಕೆ ಕೊಂಡಿಟ್ಟಿದ್ದಾನೆ. ಮೆಚ್ಯೂರಿಟಿಯಲ್ಲಿ ಯೂನಿಟ್‌ಗೆ 13,000 ಬಂತು ಅನ್ನಿ. ಲಾಭ 75,000, ತೆರಿಗೆ 9,375, ಸೆಸ್ 375, ಒಟ್ಟು 9,750. ದುಡ್ಡು ಪೂರ್ತಿಯಾಗಿ ಖಾತೆಗೆ ಬರುತ್ತದೆ, ಏನೂ ಕಡಿತ ಆಗಿರುವುದಿಲ್ಲ. ಅದನ್ನು ನೋಡಿ ತೆರಿಗೆ ಇಲ್ಲ ಅಂದುಕೊಳ್ಳಬೇಡಿ. ಕೊಂಡ ದಿನದ ಕಾಂಟ್ರ್ಯಾಕ್ಟ್ ನೋಟ್ ಈಗಲೇ ಇಳಿಸಿಟ್ಟುಕೊಳ್ಳಿ.

ಮೆಚ್ಯೂರಿಟಿಗೆ ಕಾಯದೆ ಷೇರುಪೇಟೆಯಲ್ಲೇ ಮಾರಿದರೆ ಗೆರೆ 24 ತಿಂಗಳಲ್ಲ, 12 ತಿಂಗಳು. ದಾಟಿದ್ದರೆ ಶೇ. 12.5, ಇಲ್ಲದಿದ್ದರೆ ಸ್ಲ್ಯಾಬ್. ಬಾಂಡಿಗೂ ಒಂದು ಕಾಲದಲ್ಲಿ ಇಂಡೆಕ್ಸೇಷನ್ ಇತ್ತು, ಈಗ ಇಲ್ಲ. ಬಾಂಡ್ ಮೊದಲು ಬಿಟ್ಟಾಗಲೇ ಅರ್ಜಿ ಹಾಕಿ ಕೊಂಡವರು, ದುಡ್ಡಿನ ತುರ್ತು ಬಂದರೆ ಒಡವೆ, ನಾಣ್ಯ, ಬಾಂಡ್ ಮೂರರಲ್ಲಿ ಬಾಂಡನ್ನು ಕೊನೆಗೆ ಮುಟ್ಟಿ. ಕಾದರೆ ಪೂರ್ತಿ ಲಾಭ ತೆರಿಗೆ ಇಲ್ಲದೆ ಕೈಗೆ ಬರುವುದು ಅದೊಂದರಲ್ಲೇ.

ಕಟ್ಟುವುದು, ರಿಟರ್ನಿನಲ್ಲಿ ಬರೆಯುವುದು

ವರ್ಷದ ತೆರಿಗೆ ಬಾಕಿ 10,000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವರ್ಷ ಮುಗಿಯುವ ಮೊದಲೇ ಕಂತುಗಳಲ್ಲಿ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕು. 60 ದಾಟಿದ, ವ್ಯಾಪಾರದ ಆದಾಯ ಇಲ್ಲದ ಹಿರಿಯರಿಗೆ ಇದು ಬೇಡ. ಚಿನ್ನ ಮಾರುವ ಮುಂಚಿನ ಕಂತುಗಳನ್ನು ಕಟ್ಟಲಿಲ್ಲ ಅಂತ ಯಾರೂ ಕೇಳುವುದಿಲ್ಲ. ಮಾರಿದ ಮೇಲೆ ಬರುವ ಕಂತುಗಳಲ್ಲಿ ಕಟ್ಟಿದರೆ ಆಯಿತು. ಚಿಕ್ಕಮ್ಮ ಮಾರಿದ್ದು ಜೂನ್ ಕೊನೆಗೆ. ಹಾಗಾಗಿ ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15ರ ಕಂತುಗಳಲ್ಲಿ ಕಟ್ಟಿದರು. ಆದಾಯ ತೆರಿಗೆ ಜಾಲತಾಣದಲ್ಲಿ e-Pay Tax ಒತ್ತಿ, 2026-27 ಅಸೆಸ್‌ಮೆಂಟ್ ವರ್ಷ ಆರಿಸಿ, Advance Tax ಅಂತ ಹಾಕಿದೆವು. ವರ್ಷ ತಪ್ಪಾಗಿ ಆರಿಸಿದರೆ ಕಟ್ಟಿದ ದುಡ್ಡು ನಿಮ್ಮ ರಿಟರ್ನಿನಲ್ಲಿ ಕಾಣುವುದಿಲ್ಲ. ಅಲ್ಲಿ ಎರಡು ಸಲ ನೋಡಿ.

ರಿಟರ್ನಿಗೆ ITR-1 ನಡೆಯುವುದಿಲ್ಲ. ಚಿನ್ನದ ಲಾಭ ಇದ್ದರೆ ITR-2, ವ್ಯಾಪಾರವೂ ಇದ್ದರೆ ITR-3. Schedule CG ಭಾಗದಲ್ಲಿ ಸರವನ್ನು ದೀರ್ಘಾವಧಿಯಲ್ಲೂ ನಾಣ್ಯವನ್ನು ಅಲ್ಪಾವಧಿಯಲ್ಲೂ ಬೇರೆ ಬೇರೆ ಬರೆಯಿರಿ. ಅದೇ ಭಾಗದ ಕೊನೆಯಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದೊಳಗೆ ಎಷ್ಟು ಲಾಭ ಬಂತು ಅಂತ ತುಂಬುವ ಒಂದು ಪಟ್ಟಿ ಇದೆ. ಚಿಕ್ಕಮ್ಮನದು ಜೂನ್ 16ರಿಂದ ಸೆಪ್ಟೆಂಬರ್ 15ರ ಕಾಲಂಗೆ ಬರಬೇಕು. ತಪ್ಪಿ ಮೊದಲ ಕಾಲಂಗೆ ಹಾಕಿದರೆ ಜೂನ್ ಕಂತು ಕಟ್ಟಲಿಲ್ಲ ಅಂತ ಸಾಫ್ಟ್‌ವೇರ್ ಬಡ್ಡಿ ಹಾಕಿಬಿಡುತ್ತದೆ. ನಾವೂ ಮೊದಲ ಸಲ ಹಾಗೇ ಹಾಕಿದ್ದೆವು. ಕೊನೆಗೆ ಇಲ್ಲದ ಬಡ್ಡಿ ಕಾಣಿಸಿದಾಗಲೇ ಹಿಂದೆ ಹೋಗಿ ತಿದ್ದಿದ್ದು.

ನಾಣ್ಯ ನಷ್ಟಕ್ಕೆ ಹೋಗಿದ್ದರೆ ಅದನ್ನೂ ಬರೆಯಿರಿ. ಅಲ್ಪಾವಧಿ ನಷ್ಟವನ್ನು ಸರದ ಲಾಭದಿಂದ ಕಳೆಯಬಹುದು. ಉಳಿದದ್ದು 8 ವರ್ಷ ಮುಂದಕ್ಕೆ ಹೋಗುತ್ತದೆ, ರಿಟರ್ನ್ ಗಡುವಿನೊಳಗೆ ಹಾಕಿದ್ದರೆ ಮಾತ್ರ. ರಿಟರ್ನ್ ಹಾಕಿದ ಮೇಲೆ 30 ದಿನದೊಳಗೆ ಇ-ವೆರಿಫೈ ಮಾಡಿ. ಧಾರೆಯ ಫೋಟೋ, ಮೌಲ್ಯಮಾಪಕರ ವರದಿ, ವೋಚರ್, ಚಲನ್ ಇವನ್ನು ರಿಟರ್ನಿನ ಜೊತೆ ಕಳಿಸುವುದಿಲ್ಲ. ಚಿಕ್ಕಮ್ಮ ಅವನ್ನೆಲ್ಲ ಒಂದು ಕವರಿಗೆ ಹಾಕಿ, ಮೇಲೆ "ಅವಲಕ್ಕಿ ಸರ, 2025" ಅಂತ ಬರೆದು ಬೀರುವಿನಲ್ಲಿಟ್ಟಿದ್ದಾರೆ.